ಗೆಳತಿ ಒಯ್ದ ಪುಸ್ತಕ ಹಿಂದೆ ಕೇಳೋದು ಹೇಗೆ? ಅವಳಿಗೂ ಮುಜುಗರ ಆಗಬಾರದು, ನನಗೂ ಆಗಬಾರದು

ಮುಲುಂಡ್ ಓದುಗಿ
ಎಲ್ಲರಿಗೂ ನಮಸ್ಕಾರ. ಫೋರ್ಟ್‌ನಲ್ಲಿ ನನ್ನ ಜೊತೆ ಕೆಲಸ ಮಾಡ್ತಿದ್ದ ಗೆಳತಿ ಈಗ ಡೊಂಬಿವಲಿಯಲ್ಲಿದ್ದಾಳೆ. ಗಣಪತಿ ಹಬ್ಬಕ್ಕೆ ಮುಂಚೆ ನಮ್ಮ ಮನೆಗೆ ಬಂದಾಗ ಒಂದು ಕಾದಂಬರಿ ಒಯ್ದಳು. ಈಗ ಹೋಳಿ ಹತ್ತಿರ ಬಂತು, ಇನ್ನೂ ವಾಪಸ್ ಬಂದಿಲ್ಲ.

ಬೇರೆ ಪುಸ್ತಕ ಆಗಿದ್ದರೆ ಸುಮ್ನಿರುತ್ತಿದ್ದೆ. ಇದು ಅಪ್ಪನದು. ಈಗ ಅಂಗಡಿಯಲ್ಲಿ ಸಿಗೋದಿಲ್ಲ. ಪುಟಗಳ ಅಂಚಿನಲ್ಲೆಲ್ಲ ಅಪ್ಪ ಪೆನ್ಸಿಲ್‌ನಲ್ಲಿ ಬರೆದಿದ್ದಾರೆ, ಕೆಲವು ಕಡೆ ಲೇಖಕರ ಜೊತೆ ಜಗಳಾನೇ ಆಡಿದ್ದಾರೆ. ಈ ತಿಂಗಳ ಕೊನೆಗೆ ಅಪ್ಪನ ತಿಥಿ. ಧಾರವಾಡದಿಂದ ಅಕ್ಕ ಬರ್ತಿದ್ದಾಳೆ, ಆ ಪುಟಗಳನ್ನು ಝೆರಾಕ್ಸ್ ಮಾಡಿಸಿಕೊಂಡು ಹೋಗಬೇಕು ಅಂತಾಳೆ.

ಆಗಾಗ ನಾನು ಕಳಿಸಿದ ಮೆಸೇಜ್ ಹೀಗಿರುತ್ತೆ: "ಹೇಗಿದ್ದೀಯಾ? ಪುಸ್ತಕ ಓದಿ ಆಯ್ತಾ? ಅವಸರ ಏನಿಲ್ಲ, ನಿಧಾನಕ್ಕೆ ಓದು." ಅವಳ ಉತ್ತರ ಯಾವಾಗಲೂ ಒಂದೇ: "ಇನ್ನೊಂದು ಸ್ವಲ್ಪ ಉಳಿದಿದೆ ಕಣೇ." ಹದಿನೈದು ವರ್ಷದ ಸ್ನೇಹ. ಪುಸ್ತಕಕ್ಕೋಸ್ಕರ ಅದು ಕೆಡಬಾರದು. ಏನಂತ ಬರೆಯಲಿ?

ಕುರ್ಲಾ ಪ್ಯಾಸೆಂಜರ್
ಕೊಡು ಅಂತ ಕೇಳಿ. ಗೆಳತಿ ತಾನೇ, ಇಷ್ಟು ಯೋಚನೆ ಯಾಕೆ?

ಅಂಧೇರಿ ಪಶ್ಚಿಮ
ವಾಟ್ಸಾಪ್ ಸ್ಟೇಟಸ್‌ನಲ್ಲಿ ಹಾಕಿ: "ನನ್ನ ಪುಸ್ತಕ ಯಾರ ಹತ್ತಿರ ಇದೆಯೋ ದಯವಿಟ್ಟು ತಿಳಿಸಿ." ಅವಳಿಗೆ ಅರ್ಥ ಆಗುತ್ತೆ. ನೇರ ಕೇಳೋ ಕಷ್ಟ ಇಲ್ಲ.

ಮುಲುಂಡ್ ಓದುಗಿ
ಸ್ಟೇಟಸ್ ಬೇಡ ಅಣ್ಣ. ನಮ್ಮಿಬ್ಬರಿಗೂ ಗೊತ್ತಿರೋ ಹಳೇ ಆಫೀಸಿನವರೆಲ್ಲ ನೋಡ್ತಾರೆ. ಅವಳ ಬಗ್ಗೆಯೇ ಹಾಕಿದ್ದು ಅಂತ ಅವಳಿಗೆ ಗೊತ್ತಾದರೆ ನೊಂದುಕೊಳ್ತಾಳೆ.

ಪುಣೆ ಲೈಬ್ರರಿ ಅಕ್ಕ
ಕಾಲೇಜು ಲೈಬ್ರರಿಯಲ್ಲೇ ನನ್ನ ಸರ್ವೀಸು ಪೂರ್ತಿ ಕಳೆಯಿತು. ಪುಸ್ತಕ ಹಿಂದೆ ಕೇಳೋದೇ ನಮ್ಮ ದಿನದ ಕೆಲಸ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳ್ತೇನೆ.

ತಂಗಿ, ನಿಮ್ಮ ಮೆಸೇಜಿನಲ್ಲಿ ಪುಸ್ತಕ ಬೇಕು ಅನ್ನೋ ಮಾತೇ ಇಲ್ಲ. "ಓದಿ ಆಯ್ತಾ" ಅಂದರೆ ಓದಿನ ವಿಚಾರಣೆ. ಓದಿರದವರು "ಸ್ವಲ್ಪ ಉಳಿದಿದೆ" ಅಂತಲೇ ಹೇಳೋದು, ಇನ್ನೇನು ಹೇಳೋಕಾಗುತ್ತೆ? ಅದರ ಮೇಲೆ "ಅವಸರ ಇಲ್ಲ" ಅಂತ ನೀವೇ ಅವಧಿ ಮುಂದೂಡಿದ್ದೀರಿ. ಅವಳು ಅದನ್ನು ನಂಬಿದ್ದಾಳೆ.

ನಮ್ಮಲ್ಲಿ ಕಂಪ್ಯೂಟರ್ ಬರೋ ಮುಂಚೆ ಪ್ರತಿ ಪುಸ್ತಕಕ್ಕೂ ಒಂದು ಕಾರ್ಡು ಇರುತ್ತಿತ್ತು. ಪುಸ್ತಕ ಕೊಟ್ಟಾಗ ಆ ಕಾರ್ಡನ್ನು ಓದುಗರ ಟಿಕೆಟ್ಟಿನ ಜೇಬಿನೊಳಗೆ ಸೇರಿಸಿ, ವಾಪಸ್ ಬರಬೇಕಾದ ತಾರೀಖಿನ ಹಿಂದೆ ಟ್ರೇನಲ್ಲಿ ನಿಲ್ಲಿಸುತ್ತಿದ್ದೆವು. ತಾರೀಖು ದಾಟಿದ ಮೇಲೂ ಟ್ರೇನಲ್ಲಿ ಉಳಿದ ಕಾರ್ಡು ಯಾವುದೋ, ಆ ಪುಸ್ತಕ ಬಂದಿಲ್ಲ ಅಂತ ಲೆಕ್ಕ. ಅವರಿಗೆ ಒಂದು ಚೀಟಿ ಹೋಗುತ್ತಿತ್ತು. ಚೀಟಿಯಲ್ಲಿ ಪುಸ್ತಕದ ಹೆಸರು, ತಾರೀಖು, ತಂದುಕೊಡಿ ಅನ್ನೋ ಮಾತು, ಅಷ್ಟೇ. ಯಾಕೆ ತಡ ಅಂತ ಕೇಳುತ್ತಿರಲಿಲ್ಲ. ಕಾರಣ ಕೇಳಿದರೆ ಜನ ಕಾರಣ ಕೊಡ್ತಾರೆ, ಪುಸ್ತಕ ಬರೋದಿಲ್ಲ. ಆ ಚೀಟಿ ಓದಿ ಯಾರೂ ಅವಮಾನ ಆಯ್ತು ಅಂದುಕೊಳ್ಳುತ್ತಿರಲಿಲ್ಲ, ಅದರಲ್ಲಿ ಅವರ ಬಗ್ಗೆ ಏನೂ ಇರುತ್ತಿರಲಿಲ್ಲವಲ್ಲ.

ಸ್ನೇಹಿತರಿಗೆ ಬರೆಯುವಾಗಲೂ ಅದೇ ಕ್ರಮ ಇಟ್ಟುಕೊಳ್ಳಿ. ಯಾವ ಪುಸ್ತಕ, ಯಾವಾಗ ಬೇಕು, ಹೇಗೆ ಕೈ ಸೇರಬೇಕು. ಚೀಟಿಗಿಂತ ಒಂದು ಸಾಲು ಜಾಸ್ತಿ ಪ್ರೀತಿ ಇರಲಿ. ನಿಮ್ಮ ಹತ್ತಿರ ನಿಜವಾದ ಕಾರಣವೂ ಇದೆ, ತಾರೀಖೂ ಇದೆ. ಎರಡನ್ನೂ ಬಿಟ್ಟು ಯಾಕೆ ಬರೆದಿರಿ?

ಅಂಧೇರಿ ಪಶ್ಚಿಮ
ಕಾರಣ ಬೇಕು ಅನ್ನೋದು ಸರಿ. ನಿಜವೇ ಆಗಬೇಕು ಅಂತೇನಿಲ್ಲ. "ನಮ್ಮ ಮಾವನವರು ಓದೋಕೆ ಕೇಳ್ತಿದ್ದಾರೆ" ಅಂದರೆ ಯಾರೂ ಇಲ್ಲ ಅನ್ನಲ್ಲ. ನನಗೆ ಯಾವಾಗಲೂ ಇದೇ ಕೆಲಸಕ್ಕೆ ಬಂದಿದೆ.

ಮಾಟುಂಗ ಭಟ್ರು
ಅದು ಒಂದು ಸಲ ನಡೆಯುತ್ತೆ. ಮುಂದಿನ ವಾರ ಅವರು ಮಾವನವರನ್ನೇ ಸಿಕ್ಕು "ಕಾದಂಬರಿ ಹೇಗಿತ್ತು ರಾಯರೇ" ಅಂತ ಕೇಳಿದರೆ? ಮುಂಬೈ ಎಷ್ಟೇ ದೊಡ್ಡದಿರಲಿ, ಕನ್ನಡದವರು ಸೇರೋ ಜಾಗ ನಾಲ್ಕೇ. ಮೈಸೂರು ಅಸೋಸಿಯೇಷನ್‌ನಲ್ಲಿ ನಾಟಕ ಇದ್ದರೆ ಅಲ್ಲಿ ಎಲ್ಲರೂ ಎಲ್ಲರಿಗೂ ಸಿಗ್ತಾರೆ. ನಿಜ ಕಾರಣ ಇಟ್ಟುಕೊಂಡು ಸುಳ್ಳು ಯಾಕೆ ಹುಡುಕಬೇಕು?

ಅಂಧೇರಿ ಪಶ್ಚಿಮ
ನಿಜ ಕಾರಣ ಇಲ್ಲದವರ ಗತಿ ಏನು ಭಟ್ರೇ? ಸುಮ್ನೆ ನನ್ನ ಪುಸ್ತಕ ನನಗೆ ಬೇಕು ಅನ್ನೋದಕ್ಕೆ ನಾಲಿಗೆ ಏಳಲ್ಲ.

ಪುಣೆ ಲೈಬ್ರರಿ ಅಕ್ಕ
"ಮತ್ತೆ ಓದಬೇಕು ಅನ್ನಿಸಿದೆ" ಅನ್ನೋದು ಸಾಕಾದಷ್ಟು ಒಳ್ಳೇ ಕಾರಣ. ಪುಸ್ತಕ ಇಟ್ಟುಕೊಂಡವರಿಗೆ ಅದಕ್ಕಿಂತ ದೊಡ್ಡ ಕಾರಣ ಯಾಕೆ ಬೇಕು?

ವಾಸ್ಕೊ ಹುಬ್ಬಳ್ಳಿಯವ
ನಾನು ಆ ಕಡೆಯಿಂದ ಹೇಳ್ತೀನಿ. ನನ್ನ ಹತ್ತಿರ ಒಬ್ಬರ ಎರಡು ಪುಸ್ತಕ ಇವೆ. ನಾವಿಬ್ಬರೂ ಮಡಗಾಂವ್‌ನಲ್ಲಿ ಒಂದೇ ಕಟ್ಟಡದಲ್ಲಿದ್ದೆವು. ಅವರು ಬೆಳಗಾವಿಗೆ ಹೋದರು, ನಂಬರ್ ಬದಲಾಯಿತು. ಕಪಾಟು ಒರೆಸಿದಾಗೆಲ್ಲ ಕಣ್ಣಿಗೆ ಬೀಳುತ್ತವೆ. ಅವರು ಒಂದು ಸಲ ಕೇಳಿದರೆ ಅವತ್ತೇ ಕಳಿಸ್ತೀನಿ. ಕೇಳಿದರೆ ಬೇಜಾರು ಮಾಡ್ಕೋತಾರೆ ಅಂತ ಕೊಟ್ಟವರು ಅಂದುಕೊಳ್ತಾರೆ. ಇಟ್ಟುಕೊಂಡವರಿಗೆ ಕೇಳಿದಾಗ ಹಗುರ ಅನಿಸೋದೇ ಜಾಸ್ತಿ. ಆದ್ದರಿಂದ ಅಕ್ಕಾ, ಧೈರ್ಯವಾಗಿ ಕೇಳಿ.

ಘಾಟ್‌ಕೋಪರ್ ಗೃಹಿಣಿ
ಪುಸ್ತಕಗಳನ್ನು ಕನ್ನಡ ಸಂಘದ ಲೈಬ್ರರಿಗೆ ಕೊಟ್ಟುಬಿಡಿ. ಅಲ್ಲಿ ರಿಜಿಸ್ಟರ್ ಇರುತ್ತೆ, ತಡ ಮಾಡಿದರೆ ದಂಡ ಇರುತ್ತೆ. ಯಾರೂ ಇಟ್ಟುಕೊಳ್ಳಲ್ಲ.

ಮುಲುಂಡ್ ಓದುಗಿ
ಅಕ್ಕ, ಕೊಡೋಕೂ ಮೊದಲು ಪುಸ್ತಕ ನನ್ನ ಕೈಗೆ ಬರಬೇಕಲ್ವಾ!

ಚಿಂಚ್‌ವಡ್ ಹುಡುಗ
ಕೊಡುವಾಗ ಇಂಥ ತಾರೀಖಿಗೆ ವಾಪಸ್ ಕೊಡು ಅಂತ ಹೇಳಿದ್ರಾ? ಹೇಳಿರದಿದ್ದರೆ ಈಗ ತಾರೀಖು ಹಾಕಿ ಕೇಳೋ ಹಕ್ಕು ನಮಗಿಲ್ಲ. ಅವರಿಗೆ ಅನುಕೂಲ ಆದಾಗಲೇ ಕೊಡೋದು.

ಪಣಜಿ ವಕೀಲ
ಹಕ್ಕಿನ ಮಾತು ಬಂತಲ್ಲ, ಅದಕ್ಕೆ ಹೇಳ್ತೇನೆ. ದುಡ್ಡು ತೆಗೆದುಕೊಳ್ಳದೆ ಬಳಸೋಕೆ ಕೊಟ್ಟ ವಸ್ತುವನ್ನು ಕೊಟ್ಟವರು ಯಾವಾಗ ಬೇಕಾದರೂ ಹಿಂದೆ ಕೇಳಬಹುದು. ಇಂಥ ದಿನದವರೆಗೆ ಇಟ್ಟುಕೋ ಅಂತ ಹೇಳಿ ಕೊಟ್ಟಿದ್ದರೂ ನಡುವೆ ಕೇಳಬಹುದು. 1872ರ ಇಂಡಿಯನ್ ಕಾಂಟ್ರಾಕ್ಟ್ ಆಕ್ಟ್‌ನ 159ನೇ ಕಲಂ ಇದನ್ನೇ ಹೇಳುತ್ತೆ. ಹಾಗೆ ನಡುವೆ ಕೇಳಿದ್ದರಿಂದ ಒಯ್ದವರಿಗೆ ಆಗೋ ನಷ್ಟ ಅವರಿಗೆ ಸಿಕ್ಕ ಲಾಭಕ್ಕಿಂತ ಜಾಸ್ತಿಯಾದರೆ ಆ ಹೆಚ್ಚುವರಿ ತುಂಬಿಕೊಡಬೇಕು, ಅಷ್ಟೇ ಷರತ್ತು. ಕಾದಂಬರಿ ಅರ್ಧಕ್ಕೆ ನಿಂತಿತು ಅಂತ ಯಾರಿಗೂ ಅಂಥ ನಷ್ಟ ಆಗಲ್ಲ. ತಾರೀಖು ಹೇಳಿದ್ದರೆ, ಆ ದಿನ ದಾಟಿದ ಮೇಲೆ ಕೇಳದೇನೇ ತಂದುಕೊಡಬೇಕು. ಅದು ಮುಂದಿನ ಕಲಂ.

ಕುರ್ಲಾ ಪ್ಯಾಸೆಂಜರ್
ಹದಿನೈದು ವರ್ಷದ ಸ್ನೇಹಕ್ಕೆ ಕಲಂ ಯಾಕೆ ಸರ್.

ಪಣಜಿ ವಕೀಲ
ಅವರಿಗೆ ಕಳಿಸೋದಕ್ಕಲ್ಲ. ತಾನು ತಪ್ಪು ಮಾಡ್ತಿದ್ದೇನೆ ಅನ್ನೋ ಅಳುಕು ಇಟ್ಟುಕೊಂಡು ಈ ಮೇಡಂ ಬರೀತಿದ್ದಾರೆ, ಅದು ಬೇಡ ಅಂತ. ಅಳುಕು ಇದ್ದಾಗಲೇ "ಅವಸರ ಇಲ್ಲ" ಅನ್ನೋ ಸಾಲು ಬರೋದು.

ಕಲ್ಯಾಣ್ ಫಾಸ್ಟ್
ಎಲ್ಲರೂ ಮಾತಿನ ಬಗ್ಗೆ ಬರೆದಿರಿ, ಗಾಡಿಯ ಬಗ್ಗೆ ಯಾರೂ ಬರೆದಿಲ್ಲ. ಬೆಳಗ್ಗೆ ಎಂಟಕ್ಕೆ ಡೊಂಬಿವಲಿಯಲ್ಲಿ ಲೇಡೀಸ್ ಡಬ್ಬಿ ಹತ್ತೋರು ಟಿಫಿನ್ ಡಬ್ಬ, ಛತ್ರಿ, ನೀರಿನ ಬಾಟ್ಲಿ ಬಿಟ್ಟು ಬೇರೇನೂ ಹಿಡಿಯಲ್ಲ. ಅದರಲ್ಲಿ ದಪ್ಪ ರಟ್ಟಿನ ಹಳೇ ಕಾದಂಬರಿ ತುರುಕಿದರೆ ಬೆನ್ನುಪಟ್ಟಿ ಹರಿಯೋದು ಗ್ಯಾರಂಟಿ. ಕೊಡೋ ಮನಸ್ಸಿದ್ದರೂ "ಇವತ್ತು ಬೇಡ, ನಾಳೆ ನೋಡೋಣ" ಅಂತ ದಿನ ಹೋಗುತ್ತೆ. ಕೇಳುವಾಗ ಜಾಗ, ಸಮಯ ನೀವೇ ಹೇಳಿ. ಅರ್ಧ ದಾರಿ ನೀವು ಹೋಗಿ.

ಇನ್ನೊಂದು ಮಾತು. ಭಾನುವಾರ ಹಗಲು ಇಟ್ಟುಕೊಳ್ಳಬೇಡಿ. ಸೆಂಟ್ರಲ್ ಲೈನಿನಲ್ಲಿ ಮೆಗಾ ಬ್ಲಾಕ್ ಬಿದ್ದರೆ ಇಬ್ಬರೂ ಬೇಸತ್ತು ಹೋಗ್ತೀರಿ. ಶನಿವಾರ ಸಂಜೆ ಠಾಣೆ ಒಳ್ಳೇದು.

ಮುಲುಂಡ್ ಓದುಗಿ
ಇದು ನಿಜಕ್ಕೂ ಹೊಳೆದಿರಲಿಲ್ಲ. ಎಲ್ಲರ ಮಾತು ಸೇರಿಸಿ ಹೀಗೆ ಬರೆದಿದ್ದೇನೆ, ನೋಡಿ:

"ಅಪ್ಪನ ಕಾದಂಬರಿ ನಿನ್ನ ಹತ್ತಿರ ಇದೆಯಲ್ಲ, ಅದು 25ರೊಳಗೆ ಬೇಕಾಗಿತ್ತು. ತಪ್ಪು ತಿಳ್ಕೋಬೇಡ ಪ್ಲೀಸ್. ಅಪ್ಪನ ತಿಥಿಗೆ ಅಕ್ಕ ಬರ್ತಿದ್ದಾಳೆ, ಅಪ್ಪ ಬರೆದಿರೋ ಪುಟ ಝೆರಾಕ್ಸ್ ಮಾಡಿಸಬೇಕಂತೆ. ಓದಿ ಮುಗಿಯದಿದ್ದರೆ ಆಮೇಲೆ ಮತ್ತೆ ಒಯ್ಯಿ. ಶನಿವಾರ ಸಂಜೆ ಠಾಣೆಗೆ ಬರಲಾ, ಇಲ್ಲಾ ನಿಮ್ಮ ಮನೆಗೇ ಬರಲಾ?"

ಪುಣೆ ಲೈಬ್ರರಿ ಅಕ್ಕ
ತುಂಬಾ ಚೆನ್ನಾಗಿದೆ. ಎರಡು ಕಡೆ ಕೈ ಹಾಕ್ತೇನೆ. "ತಪ್ಪು ತಿಳ್ಕೋಬೇಡ" ತೆಗೀರಿ. ಅದನ್ನು ಓದಿದ ಮೇಲೇ ಅವಳು ತಪ್ಪು ತಿಳಿಯೋಕೆ ಏನಿದೆ ಅಂತ ಹುಡುಕೋದು. "ಬೇಕಾಗಿತ್ತು" ಅನ್ನೋದನ್ನು "ಬೇಕು" ಮಾಡಿ.

ಮತ್ತೆ ಒಂದು ಸಾಲು ಸೇರಿಸಿ. ಇಷ್ಟು ತಿಂಗಳು "ಸ್ವಲ್ಪ ಉಳಿದಿದೆ" ಅಂತ ಬಂದರೆ, ನನ್ನ ಅನುಭವದಲ್ಲಿ ಅದು ಓದಿನ ವಿಷಯ ಆಗಿರೋದು ಕಡಿಮೆ. ಪುಸ್ತಕ ಮೂರನೆಯವರ ಕೈಗೆ ಹೋಗಿರುತ್ತೆ, ಇಲ್ಲಾ ಪುಸ್ತಕಕ್ಕೆ ಏನೋ ಆಗಿರುತ್ತೆ, ಹೇಳೋಕೆ ಬಾಯಿ ಬರುತ್ತಿರಲ್ಲ. ನಮ್ಮಲ್ಲಿ ಹುಡುಗರು ಚಹಾ ಚೆಲ್ಲಿದ ಪುಸ್ತಕವನ್ನು ಪರೀಕ್ಷೆ ಮುಗಿಯೋವರೆಗೂ ಹಾಸ್ಟೆಲ್‌ನಲ್ಲೇ ಬಚ್ಚಿಡುತ್ತಿದ್ದರು. ದಂಡದ ಹೆದರಿಕೆಗಿಂತ ಕೌಂಟರಿನಲ್ಲಿ ನಿಂತು ಹೇಳೋ ನಾಚಿಕೆಯೇ ಅವರಿಗೆ ದೊಡ್ಡದು. ಅದಕ್ಕೇ, "ಯಾರ ಹತ್ತಿರ ಇದ್ದರೂ, ಹೇಗಿದ್ದರೂ ಪರವಾಗಿಲ್ಲ, ಹೇಳು" ಅಂತ ಹಾಕಿ. ಹೇಳೋಕೆ ಒಂದು ದಾರಿ ಸಿಗಲಿ.

ಮಾಟುಂಗ ಭಟ್ರು
ಇದಕ್ಕೆ ನನ್ನ ಒಪ್ಪಿಗೆ ಇಲ್ಲ. ಪುಸ್ತಕ ಸರಿಯಾಗೇ ಇದ್ದರೆ? "ಹೇಗಿದ್ದರೂ ಪರವಾಗಿಲ್ಲ" ಅಂದರೆ ಹಾಳು ಮಾಡಿದ್ದೀಯಾ ಅಂತ ಕೇಳಿದ ಹಾಗೇ ಆಯ್ತು. ಅನುಮಾನ ಪಡೋ ಗೆಳತಿ ಅನ್ನಿಸಿಕೊಳ್ತಾರೆ.

ಪುಣೆ ಲೈಬ್ರರಿ ಅಕ್ಕ
ಮೊದಲ ತಿಂಗಳಲ್ಲಿ ಬರೆದರೆ ನೀವು ಹೇಳೋ ಹಾಗೇ ಆಗುತ್ತೆ. ಈಗ ಇಷ್ಟು ತಡ ಆದ ಮೇಲೆ ಹಾಗೆ ಆಗಲ್ಲ.

ಘಾಟ್‌ಕೋಪರ್ ಗೃಹಿಣಿ
"ಆಮೇಲೆ ಮತ್ತೆ ಒಯ್ಯಿ" ಅನ್ನೋದನ್ನೂ ಯೋಚಿಸಿ. ಮನಸ್ಸಿಲ್ಲದಿದ್ದರೆ ಬರೀಬೇಡಿ. ನಿಜವಾಗಿ ಒಯ್ದರೆ ಮುಂದಿನ ಹೋಳಿಗೂ ಇಲ್ಲೇ ಬಂದು ಕೇಳ್ತೀರಿ.

ಮುಲುಂಡ್ ಓದುಗಿ
ಮನಸ್ಸಿಲ್ಲ, ನಿಜ. ತೆಗೆದೆ. "ಹೇಗಿದ್ದರೂ" ಬಿಟ್ಟು "ಬೇರೆ ಯಾರ ಹತ್ತಿರ ಇದ್ದರೂ ಹೇಳು, ನಾನೇ ಹೋಗಿ ತರ್ತೇನೆ" ಅಂತ ಮಾತ್ರ ಸೇರಿಸಿದೆ. ಈಗಷ್ಟೇ ಕಳಿಸಿದೆ.

ಚಿಂಚ್‌ವಡ್ ಹುಡುಗ
ನೀಲಿ ಟಿಕ್ ಬಂತಾ?

ಮುಲುಂಡ್ ಓದುಗಿ
ಬಂದಿದೆ. ಉತ್ತರ ಇಲ್ಲ.

ಕುರ್ಲಾ ಪ್ಯಾಸೆಂಜರ್
ಒಂದು ಗಂಟೆ ಬಿಟ್ಟು ಪ್ರಶ್ನೆ ಚಿಹ್ನೆ ಹಾಕಿ.

ಪುಣೆ ಲೈಬ್ರರಿ ಅಕ್ಕ
ದಯವಿಟ್ಟು ಬೇಡ. ಎರಡು ಮೂರು ದಿನ ಬಿಡಿ. ಆಮೇಲೂ ಬರದಿದ್ದರೆ ಫೋನ್ ಮಾಡಿ. ಎತ್ತಿದ ಕೂಡಲೇ "ಪುಸ್ತಕದ ವಿಷಯಕ್ಕೆ ಫೋನ್ ಮಾಡಿದೆ" ಅಂತ ಹೇಳಿಬಿಡಿ. ಮನೆ, ಮಕ್ಕಳು, ಅಡುಗೆ ಎಲ್ಲ ಮಾತಾಡಿ ಕೊನೆಗೆ ಪುಸ್ತಕ ತೆಗೆದರೆ, ಅಷ್ಟು ಹೊತ್ತು ಆಡಿದ ಪ್ರೀತಿಯ ಮಾತೆಲ್ಲ ಇದಕ್ಕೇನಾ ಅನ್ನಿಸುತ್ತೆ.

ಮುಲುಂಡ್ ಓದುಗಿ
ಅವಳೇ ರಾತ್ರಿ ಫೋನ್ ಮಾಡಿದಳು. ಒಯ್ದ ವಾರವೇ ಜೋರು ಮಳೆಯಲ್ಲಿ ಬ್ಯಾಗ್ ಪೂರ್ತಿ ನೆನೆದಿತ್ತಂತೆ. ಪುಸ್ತಕವನ್ನು ಬಿಸಿಲಿಗೆ ಇಟ್ಟಳಂತೆ, ರಟ್ಟು ಸೊಟ್ಟಗಾಯಿತು. ಹಿಂದಿನ ಕೆಲವು ಪುಟ ಅಂಟಿಕೊಂಡಿವೆ, ಅಂಚಿನಲ್ಲಿ ಬೂಷ್ಟು ಬಂದ ಗುರುತಿದೆ. ಬೇರೆ ಪ್ರತಿ ಕೊಂಡು ಕೊಡೋಣ ಅಂತ ಫೋರ್ಟ್‌ನ ಫುಟ್‌ಪಾತ್ ಅಂಗಡಿಗಳಲ್ಲೆಲ್ಲ ಕೇಳಿದ್ದಾಳೆ. ಮಾಟುಂಗದಲ್ಲೂ ಕೇಳಿದ್ದಾಳೆ. ಪುಣೆಯಲ್ಲಿರೋ ನಾದಿನಿಯನ್ನು ಅಪ್ಪಾ ಬಳವಂತ್ ಚೌಕಕ್ಕೂ ಕಳಿಸಿದ್ದಾಳಂತೆ. ಕನ್ನಡ ಪುಸ್ತಕ, ಅಲ್ಲೆಲ್ಲಿ ಸಿಗಬೇಕು. ಸಿಕ್ಕಿದ ಮೇಲೆ ಹೇಳೋಣ ಅಂತ "ಸ್ವಲ್ಪ ಉಳಿದಿದೆ" ಅನ್ನುತ್ತಿದ್ದಳು. ಫೋನಿನಲ್ಲಿ ಅತ್ತಳು.

ಬೇರೆ ಪ್ರತಿ ನನಗೆ ಬೇಡ, ಅಪ್ಪನ ಅಕ್ಷರ ಇರೋದು ಇದರಲ್ಲೇ. ಅವಳಿಗೆ ಹಾಗೇ ಹೇಳಿದೆ. ಈಗ ಭಯ ಆಗ್ತಿರೋದು ಬರವಣಿಗೆ ಉಳಿದಿದೆಯಾ ಅಂತ.

ಪುಣೆ ಲೈಬ್ರರಿ ಅಕ್ಕ
ಪೆನ್ಸಿಲ್ ಅಂದಿದ್ದಿರಲ್ಲ? ಹಾಗಿದ್ದರೆ ಸಮಾಧಾನ ಮಾಡಿಕೊಳ್ಳಿ. ಪೆನ್ಸಿಲ್ ಅಕ್ಷರ ನೀರಿಗೆ ಕರಗೋದಿಲ್ಲ. ಮಸಿ ಪೆನ್ನಿನದಾಗಿದ್ದರೆ ಕಲಸಿ ಹೋಗುತ್ತಿತ್ತು.

ಈಗ ಮಾಡಬೇಕಾದ್ದು ಕಡಿಮೆ, ಮಾಡಬಾರದ್ದೇ ಜಾಸ್ತಿ. ಅಂಟಿದ ಪುಟ ಎಳೆಯಬೇಡಿ, ಅವಳಿಗೂ ಇವತ್ತೇ ಹೇಳಿ. ಪ್ರೀತಿಯಿಂದ ಸರಿ ಮಾಡೋಕೆ ಹೋಗಿ ಎಳೆದುಬಿಟ್ಟಾಳು. ರಬ್ಬರ್ ಹಾಕಿ ಉಜ್ಜಬೇಡಿ, ಬೂಷ್ಟಿನ ಜೊತೆ ಅಪ್ಪನ ಅಕ್ಷರವೂ ಹೋಗುತ್ತೆ. ಒದ್ದೆ ಬಟ್ಟೆ ತಾಗಿಸಬೇಡಿ. ಮುಟ್ಟಿದರೆ ಬೂಷ್ಟು ಮೆತ್ತಗೆ, ಹಸಿಯಾಗಿ ಬಳಿದುಕೊಂಡರೆ ಅದಿನ್ನೂ ಜೀವಂತ. ಅಂಥದ್ದನ್ನು ಮೊದಲು ಗಾಳಿಗೆ ಒಣಗಿಸಬೇಕು. ಪುಡಿಪುಡಿಯಾಗಿ ಉದುರಿದರೆ ಒಣಗಿದೆ. ಒಣಗಿದ್ದನ್ನು ಮಾಸ್ಕ್ ಹಾಕಿಕೊಂಡು ಬಾಲ್ಕನಿಯಲ್ಲಿ ಮೆತ್ತನೆಯ ಬ್ರಷ್‌ನಿಂದ ಹೊರಕ್ಕೆ ಗುಡಿಸಿ. ಬೇರೆ ಪುಸ್ತಕಗಳ ಜೊತೆ ಕಪಾಟಿನಲ್ಲಿ ಇಡಬೇಡಿ. ಅಂಟಿದ ಪುಟದಲ್ಲೂ ಅಪ್ಪನ ಬರಹ ಇದ್ದರೆ ಕಾಗದ ಸಂರಕ್ಷಣೆ ಗೊತ್ತಿರೋರಿಗೇ ತೋರಿಸಿ, ಬೈಂಡಿಂಗ್ ಅಂಗಡಿಗೆ ಬೇಡ. ಅವರು ಅಂಚು ಸಮ ಮಾಡೋಕೆ ಕತ್ತರಿಸಿಬಿಡ್ತಾರೆ, ನಿಮಗೆ ಬೇಕಾಗಿರೋದೇ ಅಂಚು.

ಇನ್ನು ಝೆರಾಕ್ಸ್. ಪುಸ್ತಕವನ್ನು ಗಾಜಿನ ಮೇಲೆ ಒತ್ತಿದರೆ ಬೆನ್ನು ಮುರಿಯುತ್ತೆ. ಕಿಟಕಿ ಬೆಳಕಿನಲ್ಲಿ ಮೊಬೈಲ್‌ನಿಂದ ಫೋಟೊ ತೆಗೀರಿ. ಬೆಳಕು ಒಂದು ಪಕ್ಕದಿಂದ ಬೀಳಲಿ, ಮಸುಕಾದ ಪೆನ್ಸಿಲ್ ಚೆನ್ನಾಗಿ ಏಳುತ್ತೆ.

ಮಾಟುಂಗ ಭಟ್ರು
ಅಕ್ಕ ಹೇಳಿದ್ದೇ ನಿಜ ಆಯ್ತು. ಆದರೂ ಆ ಸಾಲು ಇಲ್ಲದೇನೇ ಅವಳು ಬಾಯಿ ಬಿಟ್ಟಳಲ್ಲ. ನಾನು ಹೇಳಿದ್ದೂ ಪೂರ್ತಿ ಸುಳ್ಳಾಗಲಿಲ್ಲ.

ವಾಸ್ಕೊ ಹುಬ್ಬಳ್ಳಿಯವ
ಮೊದಲೇ ಸ್ಪಷ್ಟವಾಗಿ ಕೇಳಿದ್ದರೆ ಆ ಹೆಣ್ಣುಮಗಳಿಗೆ ಇಷ್ಟು ತಿಂಗಳ ಸಂಕಟ ತಪ್ಪುತ್ತಿತ್ತು.

ಮುಲುಂಡ್ ಓದುಗಿ
ಒಂದು ಪ್ರಶ್ನೆ ಉಳಿದಿದೆ. ಏನಾದರೂ ಖರ್ಚು ಬಂದರೆ ತಾನೇ ಕೊಡ್ತೇನೆ ಅಂತ ಹಟ ಹಿಡಿದಿದ್ದಾಳೆ. ತೆಗೆದುಕೊಳ್ಳಲಾ?

ಕಲ್ಯಾಣ್ ಫಾಸ್ಟ್
ಬೇಡ. ಮಳೆಗೆ ಅವಳೇನು ಮಾಡ್ತಾಳೆ.

ಘಾಟ್‌ಕೋಪರ್ ಗೃಹಿಣಿ
ತೆಗೆದುಕೊಳ್ಳಿ. ಬೇಡ ಅಂದರೆ ಅವಳ ಮನಸ್ಸಿನ ಭಾರ ಹಾಗೇ ಉಳಿಯುತ್ತೆ, ಮುಂದೆ ನಿಮ್ಮ ಮನೆಗೆ ಬರೋದೇ ಬಿಡ್ತಾಳೆ. ನಮ್ಮ ಮನೆಯಲ್ಲಿ ಒಂದು ರೇಷ್ಮೆ ಸೀರೆ ವಿಷಯದಲ್ಲಿ ಹೀಗೇ ಆಗಿದೆ.

ಪಣಜಿ ವಕೀಲ
ಅರ್ಧ ಅರ್ಧ ಮಾಡಿಕೊಳ್ಳಿ.

ಮಾಟುಂಗ ಭಟ್ರು
ದುಡ್ಡು ಬೇಡ. ಫೋಟೊ ತೆಗೆಯೋ ದಿನ ಅವಳನ್ನೂ ಮನೆಗೆ ಕರೀರಿ. ಒಬ್ಬರು ಪುಟ ಹಿಡಿಯೋಕೆ ಬೇಕೇ ಬೇಕು.

ಮುಲುಂಡ್ ಓದುಗಿ
ಭಟ್ರ ಮಾತು ಹಿಡಿಸಿತು. ಅಕ್ಕನನ್ನೂ ಒಂದು ಮಾತು ಕೇಳಿ ತೀರ್ಮಾನ ಮಾಡ್ತೇನೆ. ಶನಿವಾರ ಠಾಣೆ ಬೇಡ ಅಂದುಕೊಂಡೆವು, ಆ ಪುಸ್ತಕವನ್ನು ಗಾಡಿಯಲ್ಲಿ ತರೋದು ಬೇಡ. ನಾನೇ ಅವಳ ಮನೆಗೆ ಹೋಗಿ ರಿಕ್ಷಾದಲ್ಲಿ ತರ್ತೇನೆ.

ಚಿಂಚ್‌ವಡ್ ಹುಡುಗ
ನನ್ನದೂ ಒಂದಿದೆ. ನನ್ನ ಪುಸ್ತಕ ನಮ್ಮ ಮ್ಯಾನೇಜರ್ ಹತ್ತಿರ ಇದೆ. ದಿನಾ ಎದುರಿಗೇ ಕೂರ್ತಾರೆ, ಅವರ ಟೇಬಲ್ ಮೇಲೆ ಕಾಣುತ್ತೆ. ಅವರಿಗೂ ಇದೇ ಥರ ಮೆಸೇಜ್ ಹಾಕಲಾ?

ಪುಣೆ ಲೈಬ್ರರಿ ಅಕ್ಕ
ಕಣ್ಣೆದುರಿಗೇ ಇದ್ದರೆ ಬರೆಯೋದು ಯಾಕಪ್ಪಾ. ಸಂಜೆ ಅವರು ಹೊರಡೋ ಹೊತ್ತಿಗೆ ಹೋಗಿ "ಸರ್, ಈ ಪುಸ್ತಕ ಇವತ್ತು ಮನೆಗೆ ಒಯ್ತೇನೆ" ಅಂತ ಹೇಳಿ. ಒಯ್ಯಲಾ ಅಂತ ಕೇಳಬೇಡಿ.

ಕುರ್ಲಾ ಪ್ಯಾಸೆಂಜರ್
ಅಪ್ರೈಸಲ್ ಮುಗಿದ ಮೇಲೆ ಹೇಳಿ.